ಆ ಕಕ್ಕೆ ಮರಗಳಿಗೆ ಬುದ್ಧಿಯಿಲ್ಲ

ಹಳೆಯ ಕಾವ್ಯ ಪಾಠ ಮಾಡುವುದು ನನ್ನ ಕೆಲಸ. ಮಳೆಯ ಪದ್ಯ ಬಂತೆಂದರೆ ತರಗತಿಯಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: "ಮಳೆ ಅಂದ್ರೆ ಪ್ರೇಮ, ಅಲ್ವಾ?" ಆಗ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಅವನು ಯಾವಾಗ ಬರ್ತೀನಿ ಅಂತ ಹೇಳಿ ಹೋಗಿದ್ದ?

ತಮಿಳಿನ ಅತಿ ಹಳೆಯ ಕಾವ್ಯವಾದ ಸಂಗಂ ಪದ್ಯಗಳಿಗೆ ಈ ಪ್ರಶ್ನೆಯೇ ಬೀಗದ ಕೈ. ಅಲ್ಲಿ ಗಂಡಸು ದುಡಿಮೆಗೋ ಯುದ್ಧಕ್ಕೋ ಊರು ಬಿಡುತ್ತಾನೆ. ಸುಡುವ ಬಿಸಿಲು, ನಡುಮಧ್ಯಾಹ್ನ, ನೀರಿಲ್ಲದ ದಾರಿ ಅಂದರೆ ಅದು ಅಗಲಿಕೆಯ ಪದ್ಯ. ಮಳೆ ಶುರುವಾಗುವ ಹೊತ್ತಿಗೆ ಮನೆ ಸೇರುತ್ತೇನೆ ಎಂದು ಅವನು ಮಾತು ಕೊಟ್ಟಿರುತ್ತಾನೆ. ಹಾಗಾಗಿ ಕಾಡು, ಸಂಜೆ, ಮೊಲ್ಲೆ ಹೂ, ಮೊದಲ ಮಳೆ ಒಟ್ಟಿಗೆ ಬಂದರೆ ಅದು ಕಾಯುವವಳ ಪದ್ಯ. ಆ ಮಳೆಗಾಲಕ್ಕೆ ತಮಿಳರು 'ಕಾರ್' ಅನ್ನುತ್ತಾರೆ. ನಮ್ಮ ಮುಂಗಾರು, ಹಿಂಗಾರಿನಲ್ಲಿ ಇರುವುದೂ ಅದೇ ಕಾರು. ಅವಳ ಪಾಲಿಗೆ ಮಳೆ ಅಂದರೆ ಅವನು ಕೊಟ್ಟ ವಾಯಿದೆ. ಮೋಡ ಕಟ್ಟಿತು ಅಂದರೆ ವಾಯಿದೆ ಮುಗಿಯುತ್ತಾ ಬಂತು.

ಸಂಗಂ ಪದ್ಯಗಳ 'ಕುರುಂತೊಗೈ' ಸಂಕಲನದ 66ನೇ ಪದ್ಯ ನೋಡಿ. ಬರೆದವರು ಕೋವರ್ತ್ತನಾರ್. ಐದೇ ಸಾಲು. ಅದರ ಮಾತನ್ನು ನಾನು ಕನ್ನಡಕ್ಕೆ ಹೀಗೆ ತರುತ್ತೇನೆ:

"ಪೆದ್ದು ಮರಗಳು ಕಣೇ, ಈ ದಪ್ಪ ಬುಡದ ಕಕ್ಕೆಗಳು! ಕಲ್ಲುದಾರಿ ಹಿಡಿದು ಹೋದವನು ಹೇಳಿದ ಕಾಲ ಇನ್ನೂ ಬಂದಿಲ್ಲ. ಅಷ್ಟರಲ್ಲೇ ಕೊಂಬೆ ತುಂಬ ಗೊಂಚಲು ಇಳಿಬಿಟ್ಟಿವೆ, ಅಡ್ಡಮಳೆಯನ್ನೇ ಕಾರು ಅಂದುಕೊಂಡು."

ಮಾತಾಡುತ್ತಿರುವುದು ಅವಳ ಗೆಳತಿ. ಮೊದಲ ಓದಿಗೆ ಇದು ಮರವನ್ನು ಬೈಯುವ ಪದ್ಯ. ಸ್ವಲ್ಪ ನಿಂತು ಕೇಳಿ: ಮರ ನಿಜವಾಗಿ ಮೋಸ ಹೋಗಿದೆಯಾ? ಪದ್ಯದ ಜೊತೆ ಹಿಂದಿನಿಂದ ಬಂದಿರುವ ಸಂದರ್ಭದ ಟಿಪ್ಪಣಿ ಇದಕ್ಕೆ ಉತ್ತರ ಕೊಡುತ್ತದೆ. ಕಾಲ ಬಂದದ್ದನ್ನು ಕಂಡು ಕುಸಿದವಳಿಗೆ, ಇದು ಆ ಕಾಲವಲ್ಲ ಎಂದು ಗೆಳತಿ ಒತ್ತಿ ಹೇಳಿದ್ದು ಎಂದಿದೆ ಅಲ್ಲಿ. ಅಂದರೆ ಮಳೆಗಾಲ ಬಂದಿದೆ. ಹೂವು ಸರಿಯಾದ ಹೊತ್ತಿಗೇ ಅರಳಿದೆ. ತಪ್ಪಿರುವುದು ಅವನು. ಅವನನ್ನು ತಪ್ಪಿತಸ್ಥ ಮಾಡಿದರೆ ಎದುರಿಗಿರುವವಳು ಒಡೆದುಹೋಗುತ್ತಾಳೆ ಎಂದು ಗೆಳತಿ ಮರದ ಮೇಲೆ ತಪ್ಪು ಹೊರಿಸುತ್ತಾಳೆ. 'ಕಲ್ಲುದಾರಿ' ಅನ್ನುವ ಒಂದೇ ಮಾತಿನಲ್ಲಿ ಅವನು ಹೋದ ಬೇಸಿಗೆಯೂ ಪದ್ಯದೊಳಗೆ ಇದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಕಕ್ಕೆ ಏಪ್ರಿಲ್, ಮೇ ತಿಂಗಳಲ್ಲೇ ಹಳದಿಯಾಗಿ ತೂಗುತ್ತದೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡವರು ಈ ಪದ್ಯವನ್ನು ಬೇಸಿಗೆಯ ಪದ್ಯ ಅಂದುಕೊಳ್ಳುತ್ತಾರೆ. ಸಂಗಂ ಕವಿಗಳಿಗೆ ಕಕ್ಕೆ ಕಾರಿನ ಹೂವು. ಪದ್ಯ ಓದುವಾಗ ಅವರ ಲೆಕ್ಕವನ್ನೇ ಹಿಡಿಯಬೇಕು. ಹಾಗೆಯೇ ಎಲ್ಲ ಮಳೆಯೂ ಕಾಯುವ ಮಳೆಯಲ್ಲ. ಬೆಟ್ಟ, ನಡುರಾತ್ರಿ, ಕತ್ತಲೆಯ ಮಳೆ ಬಂದರೆ ಅದು ಕದ್ದು ಭೇಟಿಯಾಗುವವರ ಪದ್ಯ. ಅಲ್ಲಿ ಅವಳ ಭಯ, ಅವನು ಬರುವ ದಾರಿಯದು. ಮಳೆಗಿಂತ ಮೊದಲು ಜಾಗ ಮತ್ತು ಹೊತ್ತು ನೋಡಿ ಎಂದು ನಾನು ಹೇಳುವುದು ಇದಕ್ಕೇ.

ಕಾಳಿದಾಸನ 'ಮೇಘದೂತ'ದಲ್ಲೂ ಈ ವಾಯಿದೆ ಕೆಲಸ ಮಾಡುತ್ತದೆ. ಶಾಪದಿಂದ ಹೆಂಡತಿಯನ್ನು ಅಗಲಿದ ಯಕ್ಷ ಮೋಡದ ಕೈಯಲ್ಲಿ ಅವಳಿಗೆ ಸುದ್ದಿ ಕಳಿಸುತ್ತಾನೆ. ಅವನ ಶಾಪ ಒಂದು ವರ್ಷದ್ದು. ಮೋಡ ಕಂಡಾಗ ಇನ್ನೂ ನಾಲ್ಕು ತಿಂಗಳು ಬಾಕಿ ಇದೆ. ದೂರ ಹೋದವರು, ಹೆಂಡತಿ ಅಗಲಿಕೆಯಲ್ಲಿ ಬಿಚ್ಚದೆ ಇಟ್ಟುಕೊಂಡ ಜಡೆಯನ್ನು ಬಿಚ್ಚಲು ಅವಸರ ಪಡುವಂತೆ ದಾರಿಯಲ್ಲೇ ಗುಡುಗಿ ಎಬ್ಬಿಸುವವನು ನಾನು ಎಂದು ಮೋಡ ಅವಳಿಗೆ ಪರಿಚಯ ಹೇಳಿಕೊಳ್ಳಬೇಕು. ಉಳಿದವರೆಲ್ಲ ಮನೆಗೆ ಓಡುವ ಹೊತ್ತಿನಲ್ಲಿ ಓಡಲಾಗದವನು ಇವನೊಬ್ಬ. ಆ ಮಾತು ಬಂದಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಮತ್ತೆ ಕಕ್ಕೆಗೆ ಬರೋಣ. ಕುರುಂತೊಗೈಯ 21ನೇ ಪದ್ಯದಲ್ಲಿ ಅದೇ ಹೂವು, ಅದೇ ಕಾಲ. ಆದರೆ ಮಾತಾಡುವುದು ಅವಳೇ. ವಾಯಿದೆಯ ಕಾಲ ಬಂತು, ಇನ್ನು ಹೇಗೆ ಸಮಾಧಾನ ಮಾಡಲಿ ಎಂದು ಗೆಳತಿ ಚಿಂತೆಯಲ್ಲಿದ್ದಾಳೆ. ಸಮಾಧಾನ ಮಾಡಬೇಕಾದವಳು ಸುಮ್ಮನಾಗಿದ್ದಾಳೆ, ನೊಂದವಳೇ ಬಾಯಿ ಬಿಡುತ್ತಾಳೆ. ಬಂಗಾರದ ಒಡವೆ ಕಟ್ಟಿಕೊಂಡ ಹೆಂಗಸರ ಮುಡಿಯಂತೆ ಕಾಡು ಹೊಸ ಕಕ್ಕೆ ಹೂ ಬಿಟ್ಟು ಇದು ಕಾರು ಅನ್ನುತ್ತಿದೆ. "ಕಾಡು ಏನಾದರೂ ಹೇಳಲಿ, ನಾನಂತೂ ನಂಬಲ್ಲ. ಅವರು ಸುಳ್ಳು ಹೇಳುವವರಲ್ಲ." ಕಾಡಿಗೆ ಅವಳು ಕೊಡುವ ಹೋಲಿಕೆಯನ್ನು ಇನ್ನೊಮ್ಮೆ ನೋಡಿ. ಅದು ಸಿಂಗರಿಸಿಕೊಂಡ ಬೇರೆ ಹೆಂಗಸರ ಮುಡಿ. ತನ್ನ ಮುಡಿಯ ಬಗ್ಗೆ ಅವಳು ಒಂದು ಮಾತೂ ಆಡುವುದಿಲ್ಲ.