ಸಿಮ್ ಒಳಗಿದ್ದರೂ "ಸಿಮ್ ಇಲ್ಲ" ಅನ್ನುವ ಫೋನ್: ರಿಪೇರಿ ಕಲಿಯುವವರಿಗೆ ಟಿಪ್ಪಣಿ

ಅಂಗಡಿಗೆ ಬರುವವರು ಎಲ್ಲದಕ್ಕೂ "ಸಿಮ್ ಹಿಡೀತಿಲ್ಲ" ಎಂದೇ ಹೇಳುತ್ತಾರೆ. ಹಾಗಾಗಿ ಮೊದಲು ಸ್ಕ್ರೀನ್ ಮೇಲೆ ಏನಿದೆ ಅಂತ ನಾವೇ ಓದಿಕೊಳ್ಳಬೇಕು. `No service` ಅಂತ ಇದ್ದರೆ ಸಾಮಾನ್ಯವಾಗಿ ಫೋನ್ ಸಿಮ್ ಅನ್ನು ಓದಿದೆ, ತೊಂದರೆ ಇರುವುದು ನೆಟ್‌ವರ್ಕ್ ಕಡೆ. ಅಲ್ಲಿ ಟ್ರೇ ಒರೆಸಿ ಏನೂ ಪ್ರಯೋಜನವಿಲ್ಲ. ಈ ಟಿಪ್ಪಣಿ `No SIM card` ಬರುವ ಫೋನಿಗೆ ಮಾತ್ರ.

ಫೋನಿಗೆ ಸಿಮ್ ಇದೆ ಅಂತ ಗೊತ್ತಾಗುವುದು ಹೇಗೆ? ಒಳಗಿನ ಸಣ್ಣ ಸ್ಪ್ರಿಂಗ್ ಪಿನ್‌ಗಳು ಸಿಮ್‌ನ ಚಿನ್ನದ ಬಣ್ಣದ ತಗಡಿನ ಮೇಲೆ ಒತ್ತಿ ಕೂರುತ್ತವೆ. ಒಂದು ಪಿನ್ ಕರೆಂಟ್ ಕೊಡುತ್ತದೆ, ಒಂದು ಗ್ರೌಂಡ್, ಒಂದು ಕ್ಲಾಕ್, ಒಂದು ರೀಸೆಟ್, ಒಂದರಲ್ಲಿ ಡೇಟಾ ಹೋಗಿ ಬರುತ್ತದೆ. ಫೋನ್ ಕರೆಂಟ್ ಕೊಟ್ಟು ರೀಸೆಟ್ ಮಾಡುತ್ತದೆ. ಸಿಮ್ ಸರಿಯಿದ್ದರೆ ಕೂಡಲೇ ಒಂದು ಚಿಕ್ಕ ಉತ್ತರ ಕಳಿಸುತ್ತದೆ. ಆ ಉತ್ತರ ಬರದಿದ್ದರೆ ಫೋನಿನ ಲೆಕ್ಕದಲ್ಲಿ ಸಿಮ್ ಇಲ್ಲ. ಐದರಲ್ಲಿ ಒಂದೇ ಒಂದು ಪಿನ್ ತಾಗದಿದ್ದರೂ ಇದೇ ಗತಿ. ಅಂದರೆ ನಾವು ಹುಡುಕಬೇಕಾದ್ದು ಇಷ್ಟೇ: ಯಾವುದು ತಾಗುತ್ತಿಲ್ಲ, ಯಾಕೆ ತಾಗುತ್ತಿಲ್ಲ?

ಕೊಳೆ

ಬೆವರು, ಜಿಡ್ಡು, ಜೇಬಿನ ಬಟ್ಟೆಯ ಎಳೆ, ಮಳೆಗಾಲದ ತೇವ. ಇವೆಲ್ಲ ಸೇರಿ ತಗಡಿನ ಮೇಲೆ ಒಂದು ಪೊರೆ ಕಟ್ಟುತ್ತದೆ. ಫೋನ್ ಆಫ್ ಮಾಡಿ, ಸಿಮ್ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಸುಮಾರು 90 ಶೇಕಡಾ ಅಥವಾ ಅದಕ್ಕಿಂತ ಗಟ್ಟಿ ಇರುವುದೇ ಒಳ್ಳೆಯದು, ಯಾಕೆಂದರೆ ನೀರಿನ ಅಂಶ ಕಡಿಮೆ, ಬೇಗ ಆರುತ್ತದೆ. ಪೂರ್ತಿ ಆರಿದ ಮೇಲೆಯೇ ಸಿಮ್ ಒಳಗೆ ಹೋಗಬೇಕು.

ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಉಜ್ಜುವ ರೂಢಿ ನಮ್ಮಲ್ಲಿ ಜಾಸ್ತಿ. ಒರೆಸಿದರೂ ಹೋಗದ ಕಪ್ಪು ಕಲೆ ಇದ್ದರೆ ಮಾತ್ರ ಮೆಲ್ಲಗೆ ಉಜ್ಜಿ, ಪುಡಿಯನ್ನೆಲ್ಲ ಒರೆಸಿ ತೆಗೆಯಿರಿ. ಮೇಲಿನ ಚಿನ್ನದ ಲೇಪ ಬಹಳ ತೆಳು. ಅದು ಸವೆದರೆ ಕೆಳಗಿನ ಲೋಹಕ್ಕೆ ಕಿಲುಬು ಹಿಡಿಯುತ್ತದೆ.

ಸ್ಲಾಟ್ ಒಳಗೆ ಸೂಜಿಯನ್ನೋ ಪಿನ್ನನ್ನೋ ಹಾಕಿ ಕೆರೆಯಲೇಬಾರದು. ಗಾಳಿ ಊದುವ ರಬ್ಬರ್ ಬುರುಡೆಯಲ್ಲಿ ಧೂಳು ಹಾರಿಸಿ, ಟಾರ್ಚ್ ಬಿಟ್ಟು ನೋಡಿ. ಬಾಯಲ್ಲಿ ಊದಿದರೆ ತೇವವೂ ಒಳಗೆ ಹೋಗುತ್ತದೆ.

ಟ್ರೇ ಬಾಗಿದರೆ

ಟ್ರೇಯ ಕೆಲಸ ಸಿಮ್ ಅನ್ನು ಹೊತ್ತು ಒಳಗೆ ಒಯ್ಯುವುದಷ್ಟೇ ಅಲ್ಲ. ಪಿನ್‌ಗಳಿಗೆ ಸರಿಯಾದ ಎತ್ತರದಲ್ಲಿ ಹಿಡಿದಿಡುವುದೂ ಅದೇ. ಪಿನ್ ಇರುವ ಕಡೆಯಿಂದ ದೂರಕ್ಕೆ ಸ್ವಲ್ಪ ಬಾಗಿದರೆ ಒತ್ತಡ ಸಾಲದು. ಪಿನ್ ಕಡೆಗೇ ಬಾಗಿದರೆ ತಳ್ಳುವಾಗ ಪಿನ್‌ಗಳೇ ಮಡಚಿಕೊಳ್ಳುತ್ತವೆ. ಎರಡನೆಯದು ಹೆಚ್ಚು ಅಪಾಯ.

ಬಾಗಿದ ಟ್ರೇಯ ಗುರುತು ಹೀಗಿರುತ್ತದೆ: ಸಿಗ್ನಲ್ ಬರುತ್ತದೆ, ಹೋಗುತ್ತದೆ. ಜೇಬಿನಿಂದ ತೆಗೆದಾಗ, ಸ್ವಲ್ಪ ಕುಲುಕಿದಾಗ `No SIM card`. ಟ್ರೇ ಇರುವ ಬದಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮತ್ತೆ ಸಿಮ್ ಬರುತ್ತದೆ. ಹೀಗಾದರೆ ಸಾಫ್ಟ್‌ವೇರ್ ರೀಸೆಟ್ ಮಾಡುವ ಮೊದಲು ಟ್ರೇ ನೋಡಿ. ಒಂದು ಕನ್ನಡಿಯ ಮೇಲೆ ಟ್ರೇ ಇಟ್ಟು, ಕಣ್ಣನ್ನು ಕನ್ನಡಿಯ ಮಟ್ಟಕ್ಕೆ ತಂದು, ಹಿಂದಿನಿಂದ ಬೆಳಕು ಬರುವಂತೆ ನೋಡಿ. ಟ್ರೇಯ ಕೆಳ ಅಂಚು ಎಲ್ಲ ಕಡೆ ಕನ್ನಡಿಗೆ ಅಂಟಿಕೊಂಡಿರಬೇಕು. ನಡುವೆ ಎಲ್ಲಾದರೂ ಬೆಳಕಿನ ಗೆರೆ ಇಣುಕಿದರೆ ಅಲ್ಲಿ ಬಾಗಿದೆ. ವಿನ್ಯಾಸದಲ್ಲೇ ತುದಿ ಎತ್ತರವಿರುವ ಟ್ರೇಗಳೂ ಇವೆ, ಅದನ್ನು ಬಿಟ್ಟು ಉಳಿದ ಭಾಗ ನೋಡಿ.

ಲೋಹದ ಟ್ರೇಯನ್ನು ಕನ್ನಡಿಯ ಬದಲು ಗಟ್ಟಿ ಮೇಜಿನ ಮೇಲಿಟ್ಟು ಬೆರಳಿನಿಂದ ನಿಧಾನವಾಗಿ ಒತ್ತಿ ನೇರ ಮಾಡಬಹುದು. ಒಂದು ಸಲ ಸರಿ. ಮತ್ತೆ ಮತ್ತೆ ಬಗ್ಗಿಸಿದರೆ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಟ್ರೇ ಬಾಗಿದ್ದರೆ ಅದೇ ಮಾಡೆಲ್‌ನ ಹೊಸದನ್ನು ತರಿಸುವುದೇ ಸರಿ. ನೋಡಲು ಒಂದೇ ಥರ ಇರುವ ಬೇರೆ ಮಾಡೆಲ್‌ನ ಟ್ರೇ ಹಾಕಿದರೆ ಅದೇ ಎತ್ತರದ ತೊಂದರೆ ಮತ್ತೆ ಶುರುವಾಗುತ್ತದೆ.

ಸಿಮ್ ಹಿಂದೆ ಕಾಗದದ ಚೂರು ಇಡುವವರಿದ್ದಾರೆ. ಕೆಲವೊಮ್ಮೆ ಕೆಲಸವೂ ಮಾಡುತ್ತದೆ. ಆದರೆ ಆ ಚೂರು ಒಳಗೇ ಜಾರಿ ಉಳಿಯಬಹುದು, ಇಲ್ಲವೇ ಸ್ಪ್ರಿಂಗ್ ಪಿನ್ ಅತಿಯಾಗಿ ಒತ್ತಿ ತನ್ನ ಪುಟಿಯುವ ಗುಣವನ್ನೇ ಕಳೆದುಕೊಳ್ಳಬಹುದು. ಗಿರಾಕಿಯ ಫೋನಿಗೆ ಇದನ್ನು ಮಾಡಬೇಡಿ.

ನ್ಯಾನೋ, ಮೈಕ್ರೋ

ಮೈಕ್ರೋ ಸಿಮ್ 15 ಮಿಮೀ ಉದ್ದ, 12 ಮಿಮೀ ಅಗಲ, 0.76 ಮಿಮೀ ದಪ್ಪ. ನ್ಯಾನೋ 12.3 ಉದ್ದ, 8.8 ಅಗಲ, 0.67 ದಪ್ಪ. ಉದ್ದ ಅಗಲವನ್ನು ಎಲ್ಲರೂ ನೋಡುತ್ತಾರೆ, ದಪ್ಪವನ್ನು ಮರೆಯುತ್ತಾರೆ. ಕಟರ್‌ನಲ್ಲಿ ಮೈಕ್ರೋವನ್ನು ನ್ಯಾನೋ ಅಳತೆಗೆ ಕತ್ತರಿಸಿದರೂ ದಪ್ಪ ಹಾಗೇ ಉಳಿಯುತ್ತದೆ. ವ್ಯತ್ಯಾಸ 0.09 ಮಿಮೀ, ಹೆಚ್ಚು ಕಡಿಮೆ ಒಂದು ಹಾಳೆ ಜೆರಾಕ್ಸ್ ಕಾಗದದಷ್ಟು. ಟ್ರೇ ಬಿಗಿಯಾಗಿ ಹೋಗುವುದಕ್ಕೆ, ಒಳಗೆ ಸಿಕ್ಕಿಕೊಳ್ಳುವುದಕ್ಕೆ ಅಷ್ಟೇ ಸಾಕು. ಇನ್ನೊಂದು ಕಷ್ಟವೂ ಇದೆ. ನ್ಯಾನೋದಲ್ಲಿ ತಗಡಿನ ಸುತ್ತ ಉಳಿಯುವ ಪ್ಲಾಸ್ಟಿಕ್ ಬಹಳ ಕಡಿಮೆ. ಕತ್ತರಿ ಅರ್ಧ ಮಿಮೀ ಜಾರಿದರೂ ತಗಡು ಪಿನ್‌ನ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ.

ಉಲ್ಟಾ ಕೇಸೂ ಬರುತ್ತದೆ: ಹಳೆ ಫೋನಿನ ಮೈಕ್ರೋ ಸ್ಲಾಟಿಗೆ ನ್ಯಾನೋ ಸಿಮ್. ಅಡಾಪ್ಟರ್ ಫ್ರೇಮ್ ಹಾಕಿದರೆ ನಡೆಯುತ್ತದೆ. ಆದರೆ ಸಿಮ್ ಇಲ್ಲದ ಖಾಲಿ ಫ್ರೇಮನ್ನು ಒಳಗೆ ತಳ್ಳಿದರೆ ಪಿನ್‌ಗಳು ಅದರ ಕಿಂಡಿಯೊಳಗೆ ಎದ್ದು ನಿಲ್ಲುತ್ತವೆ. ಹೊರಗೆ ಎಳೆದಾಗ ಫ್ರೇಮಿನ ಅಂಚು ಅವನ್ನು ಕಿತ್ತುಕೊಂಡೇ ಬರುತ್ತದೆ. ಆಮೇಲೆ ಬೋರ್ಡ್ ಮೇಲಿನ ಸಿಮ್ ಕನೆಕ್ಟರ್ ಬದಲಿಸುವುದೇ ದಾರಿ.

ಒಂದು ಕೇಸ್

ನಾನು ಕೆಲಸ ಕಲಿಯುವ ಅಂಗಡಿಗೆ ಒಬ್ಬ ಅಮ್ಮ ಹೊಸ ಫೋನ್ ತಂದಿದ್ದರು. "ಹಳೇ ಫೋನಲ್ಲಿ ಚೆನ್ನಾಗಿತ್ತಪ್ಪಾ, ಇದಕ್ಕೆ ಹಾಕಿದ್ರೆ ಸಿಮ್ಮೇ ಇಲ್ಲ ಅಂತದೆ" ಅಂದರು. ಹಳೆಯದು ಮೈಕ್ರೋ ಸ್ಲಾಟಿನದು. ಯಾರೋ ಅವರ ಸಿಮ್ ಕತ್ತರಿಸಿ ಹೊಸದಕ್ಕೆ ಹಾಕಿಕೊಟ್ಟಿದ್ದರು.

ಮೊದಲು ಅಂದಾಜು ಮಾಡದೆ ಅದಲು ಬದಲು ಮಾಡಿ ನೋಡಿದೆವು. ಅಂಗಡಿಯ ಸರಿಯಾದ ನ್ಯಾನೋ ಸಿಮ್ ಅವರ ಫೋನಿಗೆ ಹಾಕಿದಾಗ ಕೂಡಲೇ ಬಂತು. ಹಾಗಾಗಿ ಪಿನ್, ಟ್ರೇ ಸರಿಯಿವೆ. ಅವರ ಸಿಮ್ ಅನ್ನು ಅಡಾಪ್ಟರ್‌ನಲ್ಲಿ ಕೂರಿಸಿ ಹಳೆ ಫೋನಿಗೆ ಹಾಕಿದಾಗ ಅದೂ ಬಂತು. ಸಿಮ್ ಸತ್ತಿಲ್ಲ. ಎರಡೂ ಚೆನ್ನಾಗಿವೆ, ಜೊತೆಗಿಟ್ಟರೆ ಮಾತ್ರ ಆಗುವುದಿಲ್ಲ. ಇಂಥ ಕಡೆ ಕಲಿಯುವವರು ತಬ್ಬಿಬ್ಬಾಗುತ್ತಾರೆ. ಎರಡು ಪರೀಕ್ಷೆಯೂ ಪಾಸಾದರೆ ಉಳಿಯುವುದು ಅಳತೆಯೇ, ಅಲ್ವಾ?

ಅವರ ಸಿಮ್ ಅನ್ನು ಅಂಗಡಿಯ ಸಿಮ್ ಮೇಲೆ, ಕತ್ತರಿಸಿದ ಮೂಲೆ ಹೊಂದುವಂತೆ ಇಟ್ಟು ಅಂಚು ಸವರಿದೆವು. ಒಂದು ಬದಿ ಉಗುರಿಗೆ ತಟ್ಟುವಷ್ಟು ಕಡಿಮೆಯಿತ್ತು. ಟ್ರೇಯಲ್ಲಿ ಕೂರಿಸಿದರೆ ಆ ಕಡೆ ಸಂದು ಬಿಟ್ಟು ಅಲುಗಾಡುತ್ತಿತ್ತು. ಇನ್ನಷ್ಟು ಉಜ್ಜಿ ಸರಿಮಾಡುವ ಮಾತೇ ಇಲ್ಲ, ಕಡಿಮೆಯಾದ ಪ್ಲಾಸ್ಟಿಕ್ ಮತ್ತೆ ಬರುವುದಿಲ್ಲ. ಗುರುತಿನ ಚೀಟಿ ತೆಗೆದುಕೊಂಡು ಕಂಪನಿಯ ಅಂಗಡಿಗೆ ಹೋಗಿ, ಅದೇ ನಂಬರಿನ ಹೊಸ ನ್ಯಾನೋ ಸಿಮ್ ತೆಗೆದುಕೊಳ್ಳಲು ಹೇಳಿದೆವು.

ಕಳಿಸುವ ಮುಂಚೆ ಎರಡು ವಿಷಯ ಹೇಳಲೇಬೇಕು. ಸಿಮ್ ಮೆಮೊರಿಯಲ್ಲಿ ಉಳಿಸಿದ ನಂಬರ್‌ಗಳು ಹೊಸ ಸಿಮ್‌ಗೆ ತಾವಾಗಿ ಬರುವುದಿಲ್ಲ, ಹಳೆ ಫೋನಿನಲ್ಲಿ ಸಿಮ್ ಓದುತ್ತಿರುವಾಗಲೇ ಕಾಪಿ ಮಾಡಿಕೊಳ್ಳಬೇಕು. ಮತ್ತೆ, ಮೋಸ ತಡೆಯಲೆಂದು ಭಾರತದಲ್ಲಿ ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ನಿಲ್ಲಿಸುತ್ತಾರೆ. ಒಟಿಪಿ ಬರುವುದಿಲ್ಲ. ಬ್ಯಾಂಕಿನ ತುರ್ತು ಕೆಲಸವಿದ್ದರೆ ಅದನ್ನು ಮುಗಿಸಿಕೊಂಡೇ ಸಿಮ್ ಬದಲಿಸಿ ಅಂತ ಹೇಳಿ ಕಳಿಸಿ.