ಆ್ಯಪ್‌ನ ಒಂದೇ ಸೌಲಭ್ಯಕ್ಕೆ ಐಸೊಮೆಟ್ರಿಕ್ ಚಿತ್ರ: ಕಲಾವಿದರಿಗೆ ಏನೆಂದು ಬರೆದುಕೊಡಬೇಕು?

ಪ್ರಶ್ನೆ: ನಮ್ಮದು ಮನೆಗೆ ಹಾಲು ಹಾಕುವವರ ಆ್ಯಪ್. ಗ್ರಾಹಕರು ಊರಿಗೆ ಹೋದ ದಿನಗಳಲ್ಲಿ ಹಾಲು ನಿಲ್ಲಿಸಬಹುದು. ಇದನ್ನು ಪ್ಲೇ ಸ್ಟೋರ್ ಪುಟಕ್ಕೆ, ಮೇಲಿನಿಂದ ಓರೆಯಾಗಿ ನೋಡಿದಂತೆ ಕಾಣುವ ಐಸೊಮೆಟ್ರಿಕ್ ಶೈಲಿಯಲ್ಲಿ ಬರೆಸಬೇಕು. ವಿವರಣೆ ಹೇಗಿರಬೇಕು?

ಉತ್ತರ: ‘ಹಾಲು ನಿಲ್ಲಿಸುವ ಸೌಲಭ್ಯ’ ಎಂದಷ್ಟೇ ಬರೆದರೆ ಫೋನು, ಹಸು, ಮನೆ, ಸ್ಕೂಟರ್ ಎಲ್ಲವೂ ಚಿತ್ರದೊಳಗೆ ಬಂದು ಕೂರುತ್ತವೆ. ಕಣ್ಣಿಗೆ ಬೀಳಬೇಕಾದ ಒಂದೇ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಿ. ಇಲ್ಲಿ ಅದು ಹಾಲು ಬಾರದ ಮೂರು ದಿನ. ಫೋನನ್ನು ಬಿಟ್ಟುಬಿಡಿ, ಕೆಳಗಿನ ಸ್ಕ್ರೀನ್‌ಶಾಟ್‌ಗಳಲ್ಲಿ ಅದು ಹೇಗೂ ಇರುತ್ತದೆ.

ಹೀಗೆ ಬರೆಯಬಹುದು: “ನೆಲದ ಮೇಲೆ ಮಲಗಿಸಿದ ಕ್ಯಾಲೆಂಡರ್ ಹಲಗೆ. ದಿನಕ್ಕೊಂದರಂತೆ ಏಳೇಳು ಚೌಕ ಮನೆಗಳ ಎರಡು ಸಾಲು. ಹನ್ನೊಂದು ಮನೆಗಳಲ್ಲಿ ಒಂದೊಂದು ಹಾಲಿನ ಪ್ಯಾಕೆಟ್ ಮಲಗಿದೆ. ಮುಂದಿನ ಸಾಲಿನ ನಡುವಿನ ಮೂರು ಮನೆ ಖಾಲಿ, ಅವುಗಳ ಬಣ್ಣ ಬೇರೆ. ಹಿಂದಿನ ಉದ್ದ ಅಂಚಿನ ಪಕ್ಕ ಒಂದು ಸೂಟ್‌ಕೇಸ್. ಬೆಳಕು ಎಡ ಮೇಲಿನಿಂದ. ಅಕ್ಷರ, ಅಂಕಿ ಬೇಡ.”

ಬಾಟಲಿ ಬಿಟ್ಟು ಪ್ಯಾಕೆಟ್ ಎಂದದ್ದಕ್ಕೆ ಕಾರಣವಿದೆ. ಐಸೊಮೆಟ್ರಿಕ್‌ನಲ್ಲಿ ನೆಲದ ಗೆರೆಗಳು 30 ಡಿಗ್ರಿ ಓರೆಯಾಗಿ ಓಡುತ್ತವೆ, ದೂರದ ವಸ್ತು ಚಿಕ್ಕದಾಗುವುದಿಲ್ಲ. ಹಾಗಾಗಿ ಒಂದು ಮನೆಯಲ್ಲಿ ಅದರ ಬದಿಯಷ್ಟೇ ಎತ್ತರದ ವಸ್ತುವನ್ನು ನಿಲ್ಲಿಸಿದರೆ ಮೂಲೆಗೆ ಮೂಲೆಯಾಗಿ ಹಿಂದಿರುವ ಮನೆ ಮುಚ್ಚಿಹೋಗುತ್ತದೆ. ವಸ್ತುಗಳ ಎತ್ತರ ಮನೆಯ ಬದಿಯ ಅರ್ಧ ಮೀರಬಾರದು, ಖಾಲಿ ಮನೆಗಳು ಮುಂದಿನ ಸಾಲಿನಲ್ಲೇ ಇರಬೇಕು.

ಸೂಟ್‌ಕೇಸಿಗೆ ನೆಲದ ನೆರಳು ಬೇಕೆಂದೂ ಸೇರಿಸಿ. ಗಾತ್ರ ಬದಲಾಗದ ಈ ನೋಟದಲ್ಲಿ ಗಾಳಿಯಲ್ಲಿ ತೇಲುವ ವಸ್ತುವಿಗೂ ಹಿಂದೆ ನೆಲದ ಮೇಲಿರುವ ವಸ್ತುವಿಗೂ ವ್ಯತ್ಯಾಸ ಕಾಣುವುದಿಲ್ಲ. ಅದು ಎಲ್ಲಿದೆ ಎಂದು ಹೇಳುವುದು ನೆರಳೇ.

ಇನ್ನು ಅಳತೆ. ಪ್ಲೇ ಸ್ಟೋರ್ ಪುಟದ ಅಗಲ ಚಿತ್ರವಾದ ಫೀಚರ್ ಗ್ರಾಫಿಕ್ 1024×500 ಪಿಕ್ಸೆಲ್. ಮಲಗಿದ ಹಲಗೆ ಎಷ್ಟೇ ಉದ್ದವಿರಲಿ, ಗೆರೆಗಳು ನೆಲದ ದಿಕ್ಕಿನಲ್ಲೇ ಇದ್ದರೆ ಚಿತ್ರದಲ್ಲಿ ಅದರ ಅಗಲ ಎತ್ತರದ 1.73 ಪಟ್ಟು. ಹಲಗೆಗೆ 300 ಪಿಕ್ಸೆಲ್ ಎತ್ತರ ಕೊಟ್ಟರೆ ಅಗಲ 520 ಆಗುತ್ತದೆ, ಪ್ರತಿ ಮನೆಯ ಬದಿ ಸುಮಾರು 67. ಪ್ಯಾಕೆಟ್ 30 ಪಿಕ್ಸೆಲ್ ಎತ್ತರವಿದ್ದರೆ ಸಾಕು. ಹಲಗೆಯನ್ನು ಬಲಕ್ಕಿಡಿಸಿ, ಎಡದ ಅರ್ಧದಲ್ಲಿ ಶೀರ್ಷಿಕೆಯನ್ನು ಓರೆ ಮಾಡದೆ ನೇರವಾಗಿ ಬರೆಸಿ. ಹಲಗೆಯ ಮೇಲೆ ಕನ್ನಡ ಬರೆದರೆ ಓರೆಯಾದ ಅಕ್ಷರದಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅಂಟಿ ಮಸಿಯ ಚುಕ್ಕೆಯಾಗುತ್ತವೆ.

ಕರಡು ಬಂದಾಗ ಅದನ್ನು 360 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಆ್ಯಪ್ ಗೊತ್ತಿಲ್ಲದವರಿಗೆ ತೋರಿಸಿ, ಎಷ್ಟು ದಿನ ಹಾಲಿಲ್ಲ ಎಂದು ಕೇಳಿ. ಮೂರು ಎಂದು ತಕ್ಷಣ ಬಾರದಿದ್ದರೆ ಮೊದಲು ಖಾಲಿ ಮನೆಗಳ ಬಣ್ಣವನ್ನು ಗಾಢ ಮಾಡಿಸಿ. ಆಗಲೂ ಬಾರದಿದ್ದರೆ ಸೂಟ್‌ಕೇಸನ್ನು ತೆಗೆಸಿ.