ಕೊನೆ ಗಳಿಗೆಯ ಸಾಕ್ಷಿ ನಿಜವಾದ ಕೋರ್ಟಿಗೆ ಬಂದರೆ ಏನಾಗುತ್ತೆ?

ಈ ಸೀನ್ ಎಲ್ಲರಿಗೂ ಬಾಯಿಪಾಠ. ಆರೋಪಿಗೆ ಇನ್ನೇನು ಶಿಕ್ಷೆ ಆಗಬೇಕು ಅನ್ನುವಷ್ಟರಲ್ಲಿ ಕೋರ್ಟಿನ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೂ ಯಾರೂ ಹೆಸರೇ ಕೇಳಿರದ ಒಬ್ಬ ಸಾಕ್ಷಿ ಒಳಗೆ ಬಂದು ಕಟಕಟೆ ಹತ್ತುತ್ತಾನೆ, ಐದು ನಿಮಿಷದಲ್ಲಿ ಕೇಸ್ ತಲೆಕೆಳಗಾಗುತ್ತದೆ. ಎದುರು ವಕೀಲರಿಗೆ ಬೆವರು ಒರೆಸಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ.

ಇದನ್ನು ಪೂರ್ತಿ ಸುಳ್ಳು ಅನ್ನುವ ಹಾಗಿಲ್ಲ. ಒಂದು ಕಾಲದಲ್ಲಿ ಕೋರ್ಟು ಹೆಚ್ಚುಕಡಿಮೆ ಹೀಗೇ ಇತ್ತು. ಹಳೆಯ ಇಂಗ್ಲೆಂಡಿನಲ್ಲಿ ಕಳ್ಳತನ, ಕೊಲೆ ಆರೋಪ ಹೊತ್ತವರಿಗೆ ತಮ್ಮ ಮೇಲೆ ಯಾರು ಏನು ಹೇಳುತ್ತಾರೆ ಅನ್ನುವುದು ಗೊತ್ತಾಗುತ್ತಿದ್ದುದೇ ವಿಚಾರಣೆಯ ದಿನ. 1696ರ ಕಾಯ್ದೆಯೊಂದು ರಾಜದ್ರೋಹದ ಆರೋಪಿಗಳಿಗೆ ಆರೋಪದ ಪ್ರತಿಯನ್ನು ಮೊದಲೇ ಕೊಡಬೇಕು ಅಂದಿತು. ಉಳಿದವರು ಸಾಕ್ಷಿಗಳ ಹೇಳಿಕೆ ನೋಡುವ ಹಕ್ಕಿಗಾಗಿ 1836ರವರೆಗೆ ಕಾಯಬೇಕಾಯಿತು. ಅಂದರೆ ಅಲ್ಲಿಯವರೆಗೆ ಅಚ್ಚರಿ ಅನ್ನುವುದು ನಾಟಕ ಅಲ್ಲ, ದಿನನಿತ್ಯದ ಅನ್ಯಾಯ.

ಅಮೆರಿಕದಲ್ಲಿ 1938ರಲ್ಲಿ ಫೆಡರಲ್ ಕೋರ್ಟುಗಳ ಸಿವಿಲ್ ನಿಯಮಗಳು ಬದಲಾದವು. ವಿಚಾರಣೆಗೆ ಮೊದಲೇ ಎರಡೂ ಕಡೆಯವರು ಒಬ್ಬರಿಂದೊಬ್ಬರು ದಾಖಲೆ, ಹೇಳಿಕೆ ಕೇಳಿ ಪಡೆಯುವ ದಾರಿ ತೆರೆಯಿತು. ಇದಕ್ಕೆ ಡಿಸ್ಕವರಿ ಅನ್ನುತ್ತಾರೆ. ಕ್ರಿಮಿನಲ್ ಕೇಸುಗಳಿಗೆ ಈ ಗಾಳಿ ತಡವಾಗಿ ಬೀಸಿತು. ಆರೋಪಿಗೆ ಅನುಕೂಲವಾಗುವ ಮುಖ್ಯ ಪುರಾವೆಯನ್ನು ಪ್ರಾಸಿಕ್ಯೂಷನ್ ಬಚ್ಚಿಡುವ ಹಾಗಿಲ್ಲ ಅಂತ 1963ರಲ್ಲಿ ಬ್ರಾಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1970ರಲ್ಲಿ ಆರೋಪಿಯ ಸರದಿ. ‘ಆ ಹೊತ್ತಿಗೆ ನಾನು ಅಲ್ಲಿರಲೇ ಇಲ್ಲ’ ಅನ್ನುವ ವಾದ ಇದ್ದರೆ ಅದನ್ನು ಮೊದಲೇ ತಿಳಿಸಬೇಕು ಅನ್ನುವ ಫ್ಲಾರಿಡಾದ ನಿಯಮ ಸರಿ ಅಂತಾಯಿತು. ಆಟ ಮುಗಿಯುವವರೆಗೂ ಎಲೆ ಮುಚ್ಚಿಟ್ಟುಕೊಳ್ಳಲು ವಿಚಾರಣೆ ಏನು ಪೋಕರ್ ಆಟವೇ ಅನ್ನುವ ಧಾಟಿಯ ಮಾತೂ ಆ ತೀರ್ಪಿನಲ್ಲಿದೆ.

ಇಷ್ಟಾದ ಮೇಲೂ ಒಬ್ಬ ವಕೀಲರು ಸಿನಿಮಾ ಶೈಲಿಯಲ್ಲಿ ಹೊಸ ಸಾಕ್ಷಿ ಕರೆತರಲು ಹೋದರು. ಅದೇ ಟೇಲರ್ ಪ್ರಕರಣ. ಶಿಕಾಗೋದ ಬೀದಿ ಜಗಳವೊಂದರಲ್ಲಿ ಗುಂಡು ಹಾರಿಸಿದ ಆರೋಪ, ಕೊಲೆಯತ್ನದ ಕೇಸು. ಸಾಕ್ಷಿಗಳ ಪಟ್ಟಿ ಕೊಡಿ ಅಂತ ಪ್ರಾಸಿಕ್ಯೂಷನ್ ಮೊದಲೇ ಕೇಳಿತ್ತು, ಆರೋಪಿ ಕಡೆಯಿಂದ ಪಟ್ಟಿಯೂ ಬಂದಿತ್ತು. ವಿಚಾರಣೆಯ ಎರಡನೇ ದಿನ, ಪ್ರಾಸಿಕ್ಯೂಷನ್‌ನ ಇಬ್ಬರು ಮುಖ್ಯ ಸಾಕ್ಷಿಗಳು ಹೇಳಿ ಮುಗಿಸಿದ ಮೇಲೆ, ಆರೋಪಿಯ ವಕೀಲರು ಎದ್ದು ಇನ್ನಿಬ್ಬರ ಹೆಸರು ಸೇರಿಸಬೇಕು ಅಂದರು. ಒಬ್ಬನ ವಿಳಾಸವೇ ಸಿಕ್ಕಿರಲಿಲ್ಲ ಅನ್ನುವುದು ಅವರು ಕೊಟ್ಟ ಕಾರಣ.

ಸಿನಿಮಾ ಆಗಿದ್ದರೆ ಮುಂದಿನ ಶಾಟ್‌ನಲ್ಲೇ ಸಾಕ್ಷಿ ಕಟಕಟೆಯಲ್ಲಿ, ಅಲ್ವಾ? ಇಲ್ಲಿ ಜಡ್ಜ್ ಆ ಸಾಕ್ಷಿಯ ಮಾತನ್ನು ಜ್ಯೂರಿ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ಗುಂಪು, ಇಲ್ಲದಾಗ ಕೇಳಿದರು. ಆತ ಜಗಳವನ್ನು ಕಣ್ಣಾರೆ ಕಂಡವನೇ ಅಲ್ಲ. ಅದಕ್ಕೂ ಮೊದಲು ಗುಂಡೇಟು ತಿಂದವನು ಮತ್ತು ಅವನ ಸಹೋದರ ಕಂಬಳಿಯಲ್ಲಿ ಬಂದೂಕು ಇಟ್ಟುಕೊಂಡಿದ್ದನ್ನು ಕಂಡೆ, ಆರೋಪಿಗೆ ಎಚ್ಚರಿಕೆ ಹೇಳಿದೆ ಅಂದ. ಎದುರು ವಕೀಲರು ಪ್ರಶ್ನೆ ಹಾಕಿದಾಗ ಇನ್ನೊಂದು ವಿಷಯ ಹೊರಬಿತ್ತು. ವಿಚಾರಣೆ ಶುರುವಾಗುವ ಹಿಂದಿನ ವಾರವೇ ಆರೋಪಿಯ ವಕೀಲರು ಇವನ ಮನೆಗೆ ಹೋಗಿ ಬಂದಿದ್ದರು! ಜಡ್ಜ್ ಆ ಸಾಕ್ಷಿಯನ್ನು ಜ್ಯೂರಿಯ ಮುಂದೆ ಬರಲು ಬಿಡಲೇ ಇಲ್ಲ. ಆರೋಪಿಗೆ ಶಿಕ್ಷೆಯಾಯಿತು. 1988ರಲ್ಲಿ ಸುಪ್ರೀಂ ಕೋರ್ಟ್ ಕೂಡ ಜಡ್ಜ್ ಮಾಡಿದ್ದು ಸರಿ ಅಂದಿತು, ಮೂವರು ನ್ಯಾಯಮೂರ್ತಿಗಳು ಒಪ್ಪದಿದ್ದರೂ. ವಕೀಲರ ತಪ್ಪಿಗೆ ಕಕ್ಷಿದಾರ ಬೆಲೆ ತೆರಬೇಕಾ ಅನ್ನುವ ಪ್ರಶ್ನೆ ನನ್ನನ್ನೂ ಕಾಡುತ್ತೆ.

ಹಾಗಂತ ತಡವಾಗಿ ಬಂದ ಸಾಕ್ಷಿಗಳೆಲ್ಲ ಹೊರಗೇ ಉಳಿಯುತ್ತಾರೆ ಅಂತಲ್ಲ. ಕಾರಣ ನಿಜವಾಗಿದ್ದರೆ ಜಡ್ಜ್ ಒಪ್ಪಬಹುದು. ಆಗ ಎದುರು ಪಕ್ಷ ಕೇಳುವ ಮೊದಲ ವಿಷಯ ಸಮಯ. ವಿಚಾರಣೆ ಮುಂದಕ್ಕೆ ಹೋಗುತ್ತದೆ, ಹೊಸ ಸಾಕ್ಷಿಯ ಪೂರ್ವಾಪರ ಕೆದಕುತ್ತಾರೆ, ಪಾಟೀ ಸವಾಲಿಗೆ ತಯಾರಾಗುತ್ತಾರೆ. ಅಷ್ಟರಲ್ಲಿ ಅಚ್ಚರಿ ಹಳಸಿರುತ್ತದೆ.

ಬರಹಗಾರರು ಕತ್ತರಿ ಹಾಕುವುದು ಸರಿಯಾಗಿ ಇಲ್ಲಿಗೇ. ತಿಂಗಳುಗಟ್ಟಲೆ ಕಾಗದ ಓಡಾಡುವ ಭಾಗ ಮಾಯ, ಎದುರು ವಕೀಲರ ಬಾಯಿಗೆ ಬೀಗ. ಟಿವಿಯಲ್ಲಿ ಇದಕ್ಕೆ ಅಚ್ಚು ಹಾಕಿಕೊಟ್ಟಿದ್ದು 1957ರಿಂದ 1966ರವರೆಗೆ ಬಂದ ‘ಪೆರ್ರಿ ಮೇಸನ್’. ನಿಜವಾದ ಅಪರಾಧಿ ಕೋರ್ಟಿನಲ್ಲೇ ಕುಸಿದು ತಪ್ಪೊಪ್ಪಿಕೊಳ್ಳುವುದು ಅದರ ಗುರುತು. ಆದರೆ ಆ ಸರಣಿಯವರು ಒಂದು ಜಾಣತನ ಮಾಡಿದ್ದರು. ಅದರ ಹೆಚ್ಚಿನ ಕಂತುಗಳಲ್ಲಿ ನಡೆಯುವುದು ಪೂರ್ಣ ವಿಚಾರಣೆ ಅಲ್ಲ, ಕೇಸನ್ನು ಮುಂದಕ್ಕೆ ಕಳಿಸಬೇಕಾ ಬೇಡವಾ ಅಂತ ಜಡ್ಜ್ ನೋಡುವ ಪ್ರಾಥಮಿಕ ವಿಚಾರಣೆ. ಆ ಹಂತದಲ್ಲಿ ಜ್ಯೂರಿಯೇ ಇರುವುದಿಲ್ಲ. ಹಾಗಾಗಿ ಪ್ರತಿ ವಾರ 12 ಜನರನ್ನು ಸುಮ್ನೆ ಕೂರಿಸುವ ಗೋಜೂ ಇರಲಿಲ್ಲ.

ನನಗೆ ಕೇಳಿದರೆ, ಟೇಲರ್ ಪ್ರಕರಣದಲ್ಲಿ ಜ್ಯೂರಿಯನ್ನು ಹೊರಗಿಟ್ಟು ನಡೆದ ಆ ಪ್ರಶ್ನೋತ್ತರವೇ ಬಾಗಿಲು ತೆರೆಯುವ ಸೀನ್‌ಗಿಂತ ಜಾಸ್ತಿ ಬಿಗಿಯಾಗಿದೆ. ಅಲ್ಲಿ ಸಿಕ್ಕಿಬಿದ್ದಿದ್ದು ಕರೆತಂದ ವಕೀಲರೇ.